ಲಿಮಿಟ್ ಬದಲಾದ ಡಿ ಅಂಡ್ ಓ ಪಾಲಿಸಿಯ ನವೀಕರಣವನ್ನು ನಿರ್ದೇಶಕ ಮಂಡಳಿಗೆ ವಿವರಿಸುವ ಕ್ರಮ

ಡಿ ಅಂಡ್ ಓ ಎಂದು ಕರೆಯುವ ನಿರ್ದೇಶಕರು ಮತ್ತು ಅಧಿಕಾರಿಗಳ ಹೊಣೆಗಾರಿಕೆ ವಿಮೆಯ ನವೀಕರಣ ಮಂಡಳಿಯ ಮುಂದೆ ಬರುವಾಗ, ಕಾಸರಗೋಡು ಭಾಗದ ಮಧ್ಯಮ ಗಾತ್ರದ ಕಂಪನಿಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. “ಲಿಮಿಟ್ 10 ಕೋಟಿಯಿಂದ 15 ಕೋಟಿಗೆ ಏರಿದೆ, ಪ್ರೀಮಿಯಂ ಇಷ್ಟಾಗಿದೆ, ಅನುಮೋದನೆಗಾಗಿ” ಎಂಬ ಎರಡು ಸಾಲಿನ ಟಿಪ್ಪಣಿ ಹೋಗುತ್ತದೆ, ಮಂಡಳಿ ಒಪ್ಪುತ್ತದೆ, ಮುಂದೆ ಕ್ಲೇಮು ಬಂದ ದಿನ ಆ 15 ಕೋಟಿ ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದು ಮೊದಲ ಬಾರಿಗೆ ತಿಳಿಯುತ್ತದೆ. ಈ ಮಾರ್ಗದರ್ಶಿ ಕಂಪನಿ ಕಾರ್ಯದರ್ಶಿಗಳಿಗೆ, ಹಣಕಾಸು ಅಧಿಕಾರಿಗಳಿಗೆ ಮತ್ತು ಮಂಡಳಿಯ ಮುಂದೆ ಮಾತಾಡಬೇಕಾದ ಬ್ರೋಕರ್‌ಗಳಿಗೆ.

ಉದಾಹರಣೆಗೆ ಒಂದು ಕಲ್ಪಿತ ಕಂಪನಿಯನ್ನು ಇಟ್ಟುಕೊಳ್ಳೋಣ. ಕಾಸರಗೋಡು ಜಿಲ್ಲೆಯಲ್ಲಿ ಅಡಿಕೆ ಮತ್ತು ಗೇರುಬೀಜದ ವ್ಯವಹಾರ ನಡೆಸುವ, ಷೇರುಪೇಟೆಯಲ್ಲಿ ಇಲ್ಲದ ಪಬ್ಲಿಕ್ ಕಂಪನಿ, ಏಳು ನಿರ್ದೇಶಕರು, ಪಾಲಿಸಿ ಮುಗಿಯುವುದು ಸೆಪ್ಟೆಂಬರ್ 30ರ ಮಧ್ಯರಾತ್ರಿಗೆ. ಕೆಳಗಿನ ಎಲ್ಲ ಅಂಕಿಗಳೂ ಈ ಕಂಪನಿಯವು.

## ಹಂತ 1: ಕಾಗದಗಳನ್ನು ಮೊದಲು ಮೇಜಿನ ಮೇಲೆ ತನ್ನಿ

ಪಾಲಿಸಿ ಮುಗಿಯಲು ಎರಡು ತಿಂಗಳು ಇರುವಾಗಲೇ ಕೆಲಸ ಆರಂಭಿಸಬೇಕು. ಬೇಕಾದ ಕಾಗದಗಳು ಇವು: ಈಗ ಜಾರಿಯಲ್ಲಿರುವ ಪಾಲಿಸಿಯ ಪೂರ್ಣ ಪ್ರತಿ, ಅದರ ಶೆಡ್ಯೂಲ್, ವರ್ಷದ ನಡುವೆ ಬಂದ ಎಲ್ಲ ಎಂಡಾರ್ಸ್‌ಮೆಂಟ್‌ಗಳು, ಹೊಸ ವರ್ಷದ ಕೊಟೇಶನ್, ಹೊಸ ಪಾಲಿಸಿಯ ಷರತ್ತುಗಳ ಪೂರ್ಣ ಪಠ್ಯ, ಮತ್ತು ನವೀಕರಣಕ್ಕಾಗಿ ಕಂಪನಿ ಸಹಿ ಹಾಕಿಕೊಟ್ಟ ಪ್ರಪೋಸಲ್ ಫಾರಂ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ, ಹೊಸ ಕೊಟೇಶನ್ನನ್ನು ಕಳೆದ ವರ್ಷದ ಕೊಟೇಶನ್ನಿನ ಜೊತೆ ಇಟ್ಟು ಹೋಲಿಸುವುದು. ಕೊಟೇಶನ್ ಬಂದ ಮೇಲೆ ಮಾತುಕತೆಯಲ್ಲಿ ಬದಲಾದದ್ದು ಅದರಲ್ಲಿ ಇರುವುದಿಲ್ಲ. ಹೋಲಿಕೆ ಯಾವತ್ತೂ ಕೈಗೆ ಬಂದ ಹಳೆಯ ಪಾಲಿಸಿಯ ಜೊತೆಗೇ ನಡೆಯಬೇಕು. ಬ್ರೋಕರ್ “ಷರತ್ತುಗಳು ಹಳೆಯಂತೆಯೇ” ಎಂದು ಬರೆದು, ಪಠ್ಯ ಕಳಿಸಲು ತಡಮಾಡಿದರೆ ಅದನ್ನು ಎಚ್ಚರಿಕೆಯ ಸೂಚನೆ ಎಂದೇ ತಿಳಿಯಿರಿ. ಪಠ್ಯ ಕೈಗೆ ಬಾರದೆ ಮಂಡಳಿಗೆ ಟಿಪ್ಪಣಿ ಬರೆಯಬೇಡಿ.

## ಹಂತ 2: ಬದಲಾದ ಅಂಕಿಗಳನ್ನು ಒಂದೇ ಕಡೆ ಇಡಿ

‘ಲಿಮಿಟ್’ ಎಂದರೆ ಒಂದೇ ಅಂಕಿ ಎಂಬ ಭಾವನೆ ಮಂಡಳಿಯಲ್ಲಿ ಇರುತ್ತದೆ. ಪಾಲಿಸಿಯಲ್ಲಿ ಅದು ಹಲವು ಕಡೆ ಹಂಚಿಹೋಗಿರುತ್ತದೆ. ನಮ್ಮ ಕಂಪನಿಯ ಹೋಲಿಕೆ ಹೀಗಿದೆ.

| ವಿಷಯ | ಹಳೆಯ ಪಾಲಿಸಿ | ಹೊಸ ಪಾಲಿಸಿ |
|---|---|---|
| ವರ್ಷದ ಒಟ್ಟು ಲಿಮಿಟ್ | 10 ಕೋಟಿ | 15 ಕೋಟಿ |
| ಸರ್ಕಾರಿ ವಿಚಾರಣೆಯ ವೆಚ್ಚಕ್ಕೆ ಸಬ್‌ಲಿಮಿಟ್ | 2.5 ಕೋಟಿ | 1 ಕೋಟಿ |
| ಕಂಪನಿ ಮೊದಲು ಭರಿಸಬೇಕಾದ ಮೊತ್ತ | 10 ಲಕ್ಷ | 25 ಲಕ್ಷ |
| ಹೆಚ್ಚಿದ 5 ಕೋಟಿಗೆ ಅನ್ವಯಿಸುವ ದಿನಾಂಕ | ಇಲ್ಲ | ಅಕ್ಟೋಬರ್ 1 |

ಪಟ್ಟಿಯ ಕೆಳಗೆ ಮೂರು ಮಾತುಗಳನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಬೇಕು. ಮೊದಲನೆಯದು, ಒಟ್ಟು ಲಿಮಿಟ್ ಏಳು ನಿರ್ದೇಶಕರಿಗೂ, ಅಧಿಕಾರಿಗಳಿಗೂ, ಈಗಾಗಲೇ ನಿವೃತ್ತರಾದವರಿಗೂ ಸೇರಿ ಇಡೀ ವರ್ಷಕ್ಕೆ ಒಂದೇ. ತಲೆಗೆ 15 ಕೋಟಿ ಅಲ್ಲ, ಕ್ಲೇಮಿಗೆ 15 ಕೋಟಿಯೂ ಅಲ್ಲ. ಎರಡನೆಯದು, ವಕೀಲರ ಶುಲ್ಕ ಇದೇ ಮೊತ್ತದೊಳಗಿಂದ ಹೋಗುತ್ತದೆ, ಆದ್ದರಿಂದ ಮೊಕದ್ದಮೆ ಉದ್ದವಾದಷ್ಟೂ ಪರಿಹಾರ ಕೊಡಲು ಉಳಿಯುವ ಹಣ ಕರಗುತ್ತದೆ. ಮೂರನೆಯದು, ಸಬ್‌ಲಿಮಿಟ್ ಒಟ್ಟು ಲಿಮಿಟ್ಟಿನ ಒಳಗಿನ ಭಾಗವೇ ಹೊರತು ಅದರ ಮೇಲೆ ಸಿಗುವ ಹೆಚ್ಚುವರಿಯಲ್ಲ. ಹೊಸ ಪಾಲಿಸಿ 16 ಕೋಟಿಯದು ಎಂದು ಕೂಡಿಸಿ ಹೇಳಿದ ಟಿಪ್ಪಣಿಗಳೂ ಉಂಟು, ಹಾಗೆ ಕೂಡಿಸಬಾರದು.

‘ಕಂಪನಿ ಮೊದಲು ಭರಿಸಬೇಕಾದ ಮೊತ್ತ’ ಎಂಬಲ್ಲಿ ಒಂದು ವಿವರಣೆ ಬೇಕು. ನಿರ್ದೇಶಕರ ಪರವಾಗಿ ಕಂಪನಿ ಹಣ ಕೊಟ್ಟು, ಬಳಿಕ ಅದನ್ನು ವಿಮಾ ಸಂಸ್ಥೆಯಿಂದ ಪಡೆಯುವಾಗ ಈ 25 ಲಕ್ಷ ಕಡಿತವಾಗುತ್ತದೆ. ಕಂಪನಿ ದಿವಾಳಿಯಾಗಿ, ಅಥವಾ ಕಾನೂನಿನ ತಡೆಯಿಂದ ಕೊಡಲಾಗದೆ, ನಿರ್ದೇಶಕರಿಗೆ ವಿಮೆ ನೇರವಾಗಿ ಪಾವತಿಸುವ ಸಂದರ್ಭದಲ್ಲಿ ಸಾಮಾನ್ಯವಾಗಿ ಈ ಕಡಿತ ಇರುವುದಿಲ್ಲ. ನಿಮ್ಮ ಶೆಡ್ಯೂಲ್‌ನಲ್ಲಿ ಅದು ‘ಇಲ್ಲ’ ಎಂದೇ ನಮೂದಾಗಿದೆಯೇ ಎಂದು ನೋಡಿ, ನೋಡಿದ್ದನ್ನು ಟಿಪ್ಪಣಿಯಲ್ಲಿ ಬರೆಯಿರಿ.

## ಹಂತ 3: ಯಾವ ವರ್ಷದ ಕೆಲಸಕ್ಕೆ ಯಾವ ವರ್ಷದ ಲಿಮಿಟ್ ಎಂಬುದನ್ನು ಹೇಳಿ

ಮಂಡಳಿಗೆ ಅತ್ಯಂತ ಕಷ್ಟವಾಗುವುದು ಈ ಹಂತ. ಇದನ್ನು ಆತುರದಲ್ಲಿ ದಾಟಿದರೆ ಮುಂದಿನ ಲೆಕ್ಕ ಯಾರಿಗೂ ಹಿಡಿಯುವುದಿಲ್ಲ.

ಅಡಿಕೆ ಗೋಡೌನಿನ ಬೆಂಕಿ ವಿಮೆ ಎಲ್ಲರಿಗೂ ಗೊತ್ತು: ಬೆಂಕಿ ಬಿದ್ದ ದಿನ ಯಾವ ಪಾಲಿಸಿ ಇತ್ತೋ ಅದೇ ಹಣ ಕೊಡುತ್ತದೆ. ಡಿ ಅಂಡ್ ಓ ಪಾಲಿಸಿಯಲ್ಲಿ ಹಾಗಲ್ಲ. ಇಲ್ಲಿ ನಿರ್ದೇಶಕರು ತೀರ್ಮಾನ ತೆಗೆದುಕೊಂಡ ದಿನಕ್ಕಿಂತ, ಆ ತೀರ್ಮಾನದ ವಿರುದ್ಧ ಕ್ಲೇಮು ಬಂದ ದಿನ ಮುಖ್ಯ. 2022ರಲ್ಲಿ ಮಾಡಿದ ಕೆಲಸದ ಬಗ್ಗೆ ಬರುವ ಡಿಸೆಂಬರಿನಲ್ಲಿ ನೋಟೀಸು ಬಂದರೆ, ಕೆಲಸ ಮಾಡಬೇಕಾದದ್ದು ಈ ಅಕ್ಟೋಬರ್ 1ರಿಂದ ಜಾರಿಗೆ ಬರುವ ಪಾಲಿಸಿ. 2022ರ ಪಾಲಿಸಿ ಆ ಹೊತ್ತಿಗೆ ಮುಗಿದುಹೋದದ್ದು.

ಇದರಿಂದ ಹೊರಡುವ ಪರಿಣಾಮವನ್ನು ಸ್ಪಷ್ಟವಾಗಿ ಹೇಳಬೇಕು. ಈ ಬಾರಿ ಯಾವುದೇ ಲಿಮಿಟ್ಟನ್ನು ಇಳಿಸಿದರೆ, ಅದು ಮುಂದಿನ ವರ್ಷದ ಕೆಲಸಗಳಿಗಷ್ಟೇ ಅಲ್ಲ, ಹಿಂದಿನ ಎಲ್ಲ ವರ್ಷಗಳ ಕೆಲಸಗಳಿಗೂ ಒಟ್ಟಿಗೇ ಇಳಿಯುತ್ತದೆ. ವಿಚಾರಣೆಯ ಸಬ್‌ಲಿಮಿಟ್ ಎರಡೂವರೆ ಕೋಟಿಯಿಂದ ಒಂದು ಕೋಟಿಗೆ ಇಳಿದಾಗ, ಮೂರು ವರ್ಷದ ಹಿಂದೆ ಮಂಡಳಿ ಬಿಟ್ಟ ನಿರ್ದೇಶಕರ ರಕ್ಷಣೆಯೂ ಇಳಿಯಿತು, ಅವರಿಗೆ ಅದರ ಸುದ್ದಿಯೂ ಇಲ್ಲ. ಇಂಥ ಬದಲಾವಣೆಯನ್ನು ನಿವೃತ್ತ ನಿರ್ದೇಶಕರಿಗೂ ಒಂದು ಪತ್ರದಲ್ಲಿ ತಿಳಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಆದರೆ ಏರಿಕೆಯ ವಿಷಯದಲ್ಲಿ ಈ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ಹೆಚ್ಚಿದ 5 ಕೋಟಿಗೆ ವಿಮಾ ಸಂಸ್ಥೆ ಒಂದು ದಿನಾಂಕ ಹಾಕಿದೆ. ಆ ದಿನಾಂಕಕ್ಕೆ ಎರಡು ಬಗೆಯ ಅರ್ಥ ಇರಬಹುದು. ಒಂದು, ಅಕ್ಟೋಬರ್ 1ಕ್ಕೆ ಮೊದಲೇ ಗೊತ್ತಿದ್ದ ಅಥವಾ ನಡೆಯುತ್ತಿದ್ದ ವಿವಾದಗಳಿಗೆ ಮಾತ್ರ ಈ 5 ಕೋಟಿ ಇಲ್ಲ. ಇನ್ನೊಂದು, ಅಕ್ಟೋಬರ್ 1ಕ್ಕೆ ಮೊದಲು ಮಾಡಿದ ಯಾವುದೇ ಕೆಲಸಕ್ಕೂ, ಗೊತ್ತಿರಲಿ ಬಿಡಲಿ, ಈ 5 ಕೋಟಿ ಇಲ್ಲ. ಎರಡರ ನಡುವಿನ ಅಂತರ ದೊಡ್ಡದು. ಯಾವುದು ಎಂಬ ಉತ್ತರವನ್ನು ಬ್ರೋಕರ್‌ನಿಂದ ಬರವಣಿಗೆಯಲ್ಲಿ, ಷರತ್ತಿನ ಸಂಖ್ಯೆಯೊಂದಿಗೆ ಪಡೆಯಿರಿ; ಫೋನಿನಲ್ಲಿ ಹೇಳಿದ್ದನ್ನು ಟಿಪ್ಪಣಿಗೆ ಇಳಿಸಬೇಡಿ.

## ಹಂತ 4: ಒಂದೇ ಕ್ಲೇಮನ್ನು ಎರಡೂ ಪಾಲಿಸಿಗಳಲ್ಲಿ ಓಡಿಸಿ ತೋರಿಸಿ

ಒಂದು ಕಾಲ್ಪನಿಕ ಕ್ಲೇಮಿನ ರೂಪಾಯಿ ಲೆಕ್ಕ ಮಂಡಳಿಯ ಸದಸ್ಯರಿಗೆ ಹತ್ತು ಪುಟದ ಷರತ್ತಿಗಿಂತ ಬೇಗ ತಲುಪುತ್ತದೆ. ಕ್ಲೇಮು ನಿಮ್ಮ ವ್ಯವಹಾರಕ್ಕೆ ಹೊಂದುವಂಥದ್ದಾಗಿರಲಿ, ಮತ್ತು ಬದಲಾದ ಪ್ರತಿಯೊಂದು ಅಂಕಿಯನ್ನೂ ಅದು ಮುಟ್ಟುವಂತಿರಲಿ.

ನಮ್ಮ ಕಂಪನಿ 2022ರಲ್ಲಿ ಗೋಡೌನಿಗಾಗಿ ಜಾಗ ಕೊಂಡಿತ್ತು ಎಂದುಕೊಳ್ಳೋಣ. ಡಿಸೆಂಬರಿನಲ್ಲಿ ಕೆಲವು ಸಣ್ಣ ಷೇರುದಾರರು, ಜಾಗಕ್ಕೆ ಅತಿಯಾದ ಬೆಲೆ ಕೊಡಲಾಗಿದೆ ಎಂದು ಆರೋಪಿಸಿ, ಕಂಪನಿ ಕಾಯ್ದೆಯ 241ನೇ ಸೆಕ್ಷನ್ ಅಡಿಯಲ್ಲಿ ಕೊಚ್ಚಿಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಐವರು ನಿರ್ದೇಶಕರ ವಿರುದ್ಧ ಅರ್ಜಿ ಹಾಕುತ್ತಾರೆ. ಅದೇ ವಿಷಯದಲ್ಲಿ ಕಂಪನಿ ರಿಜಿಸ್ಟ್ರಾರ್ ಕಚೇರಿಯಿಂದಲೂ ವಿಚಾರಣೆ ಬರುತ್ತದೆ. ವಿಚಾರಣೆಗೆ ವಕೀಲರ ಮತ್ತು ಲೆಕ್ಕಿಗರ ವೆಚ್ಚ 1.40 ಕೋಟಿ, ನ್ಯಾಯಮಂಡಳಿಯ ಮೊಕದ್ದಮೆಗೆ 2.20 ಕೋಟಿ, ಕೊನೆಗೆ ನಿರ್ದೇಶಕರು ಕೊಡಬೇಕಾಗಿ ಬಂದ ಪರಿಹಾರ 7.50 ಕೋಟಿ. ಒಟ್ಟು 11.10 ಕೋಟಿ. ಮೊದಲು ಕಂಪನಿಯೇ ಕೊಟ್ಟು ಬಳಿಕ ವಿಮೆಯಿಂದ ಪಡೆಯುತ್ತದೆ ಎಂದು ಇಟ್ಟುಕೊಳ್ಳಿ. ಈ ವಿವಾದದ ಸುಳಿವು ಡಿಸೆಂಬರಿಗೆ ಮೊದಲು ಯಾರಿಗೂ ಇರಲಿಲ್ಲ ಎಂದೂ ಸದ್ಯಕ್ಕೆ ಇಟ್ಟುಕೊಳ್ಳಿ.

ಹಳೆಯ ಷರತ್ತುಗಳೇ ಮುಂದುವರಿದಿದ್ದರೆ: ವಿಚಾರಣೆಯ ವೆಚ್ಚ ಎರಡೂವರೆ ಕೋಟಿಯ ಒಳಗೇ ಇರುವುದರಿಂದ ಪೂರ್ತಿ ಸೇರುತ್ತದೆ. 11.10 ಕೋಟಿಯಲ್ಲಿ 10 ಲಕ್ಷ ಕಳೆದರೆ 11 ಕೋಟಿ. ಲಿಮಿಟ್ 10 ಕೋಟಿ. ವಿಮೆಯಿಂದ ಬಾರದೆ ಉಳಿಯುವುದು 1.10 ಕೋಟಿ.

ಹೊಸ ಪಾಲಿಸಿಯಲ್ಲಿ, ದಿನಾಂಕಕ್ಕೆ ಮೊದಲನೆಯ ಅರ್ಥ ಇದ್ದರೆ: ವಿಚಾರಣೆಗೆ ಒಂದು ಕೋಟಿ ಮಾತ್ರ, 40 ಲಕ್ಷ ಹೊರಗೆ. ಮೊಕದ್ದಮೆಯ ವೆಚ್ಚ ಮತ್ತು ಪರಿಹಾರದ 9.70 ಕೋಟಿ ಸೇರಿಸಿದರೆ 10.70 ಕೋಟಿ; ಅದರಲ್ಲಿ ಕಂಪನಿಯ 25 ಲಕ್ಷ ಕಳೆದು ವಿಮೆ ಕೊಡುವುದು 10.45 ಕೋಟಿ. ಬಾರದೆ ಉಳಿಯುವುದು 65 ಲಕ್ಷ.

ಹೊಸ ಪಾಲಿಸಿಯಲ್ಲಿ, ಎರಡನೆಯ ಅರ್ಥ ಇದ್ದರೆ: ಜಾಗ ಕೊಂಡದ್ದು 2022ರಲ್ಲಿ, ಆದ್ದರಿಂದ ಹೆಚ್ಚಿದ 5 ಕೋಟಿ ಇದಕ್ಕೆ ಇಲ್ಲವೇ ಇಲ್ಲ. ವಿಮೆ 10 ಕೋಟಿಗೆ ನಿಲ್ಲುತ್ತದೆ. ಬಾರದೆ ಉಳಿಯುವುದು ಮತ್ತೆ 1.10 ಕೋಟಿ.

ಹೆಚ್ಚು ಪ್ರೀಮಿಯಂ ಕೊಟ್ಟ ಮೇಲೂ ಈ ಕ್ಲೇಮಿನಲ್ಲಿ ಕೈಯಿಂದ ಹೋಗುವ ಹಣ ಹಳೆಯಷ್ಟೇ. ಈ ಮೂರು ಲೆಕ್ಕಗಳನ್ನು ಒಂದರ ಕೆಳಗೊಂದು ಬರೆದು ತೋರಿಸಿದಾಗ ಮಂಡಳಿಯ ಗಮನ 15 ಎಂಬ ಅಂಕಿಯಿಂದ ದಿನಾಂಕದ ಕಡೆಗೆ ತಾನಾಗಿ ಹೊರಳುತ್ತದೆ, ಅಲ್ಲಿಂದ ಬ್ರೋಕರ್‌ಗೆ ಏನು ಕೇಳಬೇಕು ಎಂಬುದೂ ತಿಳಿಯುತ್ತದೆ.

ಈ ಗಾತ್ರದ ಕಂಪನಿಗೆ ಆಯ್ಕೆ ಇದ್ದರೆ, ಲಿಮಿಟ್ ಏರಿಕೆಯನ್ನು ಸ್ವಲ್ಪ ಕಡಿಮೆ ಮಾಡಿಯಾದರೂ ವಿಚಾರಣೆಯ ಸಬ್‌ಲಿಮಿಟ್ಟನ್ನು ಹಳೆಯ ಮಟ್ಟಕ್ಕೆ ತರಿಸುವುದು ಮೇಲು. ಪರಿಹಾರದ ಆದೇಶ ವರ್ಷಗಳ ಬಳಿಕ ಬರುತ್ತದೆ. ಸಮನ್ಸ್ ಬಂದ ವಾರವೇ ವಕೀಲರಿಗೆ ಹಣ ಬೇಕು.

ಲೆಕ್ಕದ ಕೊನೆಗೆ ಒಂದು ವಾಕ್ಯ ಸೇರಿಸಿ: ದಂಡಗಳು, ಅಕ್ರಮವಾಗಿ ಪಡೆದ ಲಾಭವನ್ನು ಹಿಂತಿರುಗಿಸುವ ಆದೇಶ, ಮತ್ತು ವಂಚನೆ ಎಂದು ಅಂತಿಮ ತೀರ್ಪಿನಲ್ಲಿ ಸಾಬೀತಾದ ಕೆಲಸ ಸಾಮಾನ್ಯವಾಗಿ ಯಾವ ಲಿಮಿಟ್ಟಿನ ಒಳಗೂ ಬರುವುದಿಲ್ಲ. ಇದನ್ನು ಬಿಟ್ಟರೆ ಮಂಡಳಿ 15 ಕೋಟಿಯನ್ನು ಎಲ್ಲಕ್ಕೂ ಸಲ್ಲುವ ಹಣ ಎಂದುಕೊಳ್ಳುತ್ತದೆ.

## ಹಂತ 5: ಸೆಪ್ಟೆಂಬರ್ 30ಕ್ಕೆ ಮೊದಲು ಗೊತ್ತಿರುವುದನ್ನೆಲ್ಲ ಹೊರಗೆ ತನ್ನಿ

ಈಗ ಮೇಲಿನ ಕಥೆಯಲ್ಲಿ ಒಂದು ಸಂಗತಿ ಬದಲಿಸೋಣ. ಜೂನ್ ತಿಂಗಳಲ್ಲೇ ಒಬ್ಬ ಷೇರುದಾರರು ಜಾಗದ ಬೆಲೆಯ ಬಗ್ಗೆ ಎಂ.ಡಿ.ಗೆ ಪತ್ರ ಬರೆದಿದ್ದರು; “ಉತ್ತರ ಬಾರದಿದ್ದರೆ ಕಾನೂನು ಕ್ರಮ ಕೈಗೊಳ್ಳುತ್ತೇವೆ” ಎಂಬ ಸಾಲು ಅದರಲ್ಲಿ ಇತ್ತು. ಪತ್ರ ಫೈಲಿಗೆ ಹೋಯಿತು, ಮೊಕದ್ದಮೆಯಂತೂ ಇರಲಿಲ್ಲ.

ಈ ಪತ್ರವನ್ನು ಹಳೆಯ ಪಾಲಿಸಿ ಮುಗಿಯುವ ಮೊದಲು ವಿಮಾ ಸಂಸ್ಥೆಗೆ ತಿಳಿಸಿದರೆ, ಮುಂದೆ ಅದರಿಂದ ಹುಟ್ಟುವ ಕ್ಲೇಮನ್ನು ಹಳೆಯ ಪಾಲಿಸಿಯ ಅವಧಿಯಲ್ಲೇ ಬಂದದ್ದೆಂದು ಪರಿಗಣಿಸುವ ಅವಕಾಶ ಈ ಬಗೆಯ ಪಾಲಿಸಿಗಳಲ್ಲಿ ಇರುತ್ತದೆ. ಆಗ ಹಳೆಯ 10 ಕೋಟಿ, ಹಳೆಯ ಎರಡೂವರೆ ಕೋಟಿ, ಹಳೆಯ 10 ಲಕ್ಷ. ತಿಳಿಸದೆ ಬಿಟ್ಟರೆ ಹಳೆಯ ಪಾಲಿಸಿ ಮುಗಿದಿರುತ್ತದೆ, ಹೊಸ ಪಾಲಿಸಿಯವರು “ಇದು ನಿಮಗೆ ಮೊದಲೇ ಗೊತ್ತಿತ್ತು” ಎಂದು ನಿರಾಕರಿಸಬಹುದು. 11.10 ಕೋಟಿಯೂ ಕಂಪನಿಯ ಅಥವಾ ನಿರ್ದೇಶಕರ ತಲೆಯ ಮೇಲೆ ಉಳಿಯುವ ಸಂಭವ ಈ ದಾರಿಯಲ್ಲಿದೆ.

ಆದ್ದರಿಂದ ಆಗಸ್ಟ್ ಕೊನೆಯೊಳಗೆ ಪ್ರತಿಯೊಬ್ಬ ನಿರ್ದೇಶಕರಿಗೂ ಬರವಣಿಗೆಯಲ್ಲಿ ಕೇಳಿ: ಬೆದರಿಕೆಯ ಪತ್ರ, ವಕೀಲರ ನೋಟೀಸು, ಇಲಾಖೆಯ ವಿಚಾರಣಾ ಪತ್ರ, ಬ್ಯಾಂಕಿನ ಆಕ್ಷೇಪ, ಕೆಲಸ ಬಿಟ್ಟ ಅಧಿಕಾರಿಯ ದೂರು, ಇವುಗಳಲ್ಲಿ ಯಾವುದಾದರೂ ಬಂದಿದೆಯೇ? ಉತ್ತರ ‘ಇಲ್ಲ’ ಎಂದಾದರೂ ಸಹಿಯೊಂದಿಗೆ ಬರಲಿ. ಮಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ನಿರ್ದೇಶಕರ ಉತ್ತರ ತಡವಾಗುತ್ತದೆ, ಅದಕ್ಕೆ ಸಮಯ ಇಟ್ಟುಕೊಳ್ಳಿ.

ವಿಮಾ ಸಂಸ್ಥೆಗೆ ತಿಳಿಸುವ ಪತ್ರದಲ್ಲಿ ಯಾರು, ಯಾವ ಕೆಲಸದ ಬಗ್ಗೆ, ಯಾವ ದಿನ, ಯಾರ ವಿರುದ್ಧ, ಎಷ್ಟು ಮೊತ್ತದ ಆರೋಪ ಮಾಡಬಹುದು ಎಂಬುದು ಇರಬೇಕು, ಮೂಲ ಪತ್ರದ ಪ್ರತಿಯೂ ಜೊತೆಗಿರಬೇಕು. “ಜಾಗದ ವಿಷಯದಲ್ಲಿ ಏನಾದರೂ ಬರಬಹುದು” ಎಂಬಷ್ಟೇ ಬರೆದರೆ ಅದನ್ನು ಸರಿಯಾದ ಸೂಚನೆ ಎಂದು ಒಪ್ಪದಿರಬಹುದು. ಬ್ರೋಕರ್‌ಗೆ ಕಳಿಸಿ ಸುಮ್ಮನಿರಬೇಡಿ; ವಿಮಾ ಸಂಸ್ಥೆಯ ಸ್ವೀಕೃತಿ ಕೈಗೆ ಬರಬೇಕು. ಅದೇ ಸಂಗತಿಯನ್ನು ಹೊಸ ಪ್ರಪೋಸಲ್ ಫಾರಂನಲ್ಲೂ ಮುಚ್ಚಿಡದೆ ನಮೂದಿಸಬೇಕು. ಹೊಸ ಪಾಲಿಸಿ ಅದನ್ನು ಹೊರಗಿಡುತ್ತದೆ, ಅದು ಸಹಜ. ಹಳೆಯದು ಹಿಡಿದುಕೊಂಡಿದೆ ಎಂಬುದಷ್ಟೇ ಖಾತ್ರಿಯಾಗಬೇಕು.

ಲಿಮಿಟ್ ಏರಿಸುವಾಗ ವಿಮಾ ಸಂಸ್ಥೆ, ‘ವಿಚಾರಿಸಿ ನೋಡಿದ್ದೇವೆ, ಕ್ಲೇಮಿಗೆ ಕಾರಣವಾಗಬಹುದಾದ ಯಾವ ಸಂಗತಿಯೂ ಯಾರಿಗೂ ತಿಳಿದಿಲ್ಲ’ ಎಂಬ ಘೋಷಣಾ ಪತ್ರ ಕೇಳುವುದುಂಟು. ಇದಕ್ಕೆ ಎಂ.ಡಿ. ಒಬ್ಬರೇ ಯಾರನ್ನೂ ಕೇಳದೆ ಸಹಿ ಹಾಕುವುದು ಅಪಾಯಕರ. ನಿರ್ದೇಶಕರ ಉತ್ತರಗಳು ಬಂದ ಮೇಲೆಯೇ ಸಹಿ ಆಗಬೇಕು. ಪತ್ರ ಹೆಚ್ಚಿದ 5 ಕೋಟಿಗೆ ಮಾತ್ರ ಅನ್ವಯಿಸುತ್ತದೆ ಎಂದು ಅದರಲ್ಲೇ ಬರೆಸಬೇಕು. ಇಲ್ಲವಾದರೆ ವರ್ಷಗಳಿಂದ ಇದ್ದ 10 ಕೋಟಿಯೂ ಆ ಒಂದು ಸಹಿಗೆ ಕಟ್ಟುಬೀಳುತ್ತದೆ. ಒಬ್ಬ ನಿರ್ದೇಶಕರಿಗೆ ಗೊತ್ತಿದ್ದದ್ದನ್ನು ಉಳಿದವರಿಗೂ ಗೊತ್ತಿತ್ತು ಎಂದು ಎಣಿಸಬಾರದು ಎಂಬ ಷರತ್ತು ಈ ಪತ್ರಕ್ಕೂ ಅನ್ವಯಿಸುತ್ತದೆಯೇ ಎಂದು ಕೇಳಿ.

## ಹಂತ 6: ಟಿಪ್ಪಣಿಯನ್ನು ಓದುವವರ ಭಾಷೆಯಲ್ಲಿ ಬರೆಯಿರಿ

ಕಂಪನಿ ಕಾಯ್ದೆಯ 173ನೇ ಸೆಕ್ಷನ್ ಪ್ರಕಾರ ಸಭೆಯ ನೋಟೀಸು ಕನಿಷ್ಠ ಏಳು ದಿನ ಮೊದಲು ಹೋಗಬೇಕು. ಟಿಪ್ಪಣಿ ಅದರ ಜೊತೆಗೇ ಹೋಗಲಿ. ಎರಡು ಪುಟ ಸಾಕು. ನಮ್ಮ ಕಡೆಯ ಮಂಡಳಿಗಳಲ್ಲಿ ಕನ್ನಡ ಓದುವವರೂ ಮಲಯಾಳಂ ಓದುವವರೂ ಒಟ್ಟಿಗೆ ಕೂರುತ್ತಾರೆ. ಎರಡೂ ಭಾಷೆಯಲ್ಲಿ ಟಿಪ್ಪಣಿ ಕೊಡುವುದು ಒಳ್ಳೆಯದು, ಆದರೆ ವ್ಯತ್ಯಾಸ ಬಂದರೆ ಇಂಗ್ಲಿಷಿನಲ್ಲಿರುವ ಪಾಲಿಸಿಯೇ ಅಂತಿಮ ಎಂಬ ಸಾಲು ಎರಡರಲ್ಲೂ ಇರಬೇಕು. ‘ಲಿಮಿಟ್’, ‘ಕ್ಲೇಮು’, ‘ಪ್ರೀಮಿಯಂ’ ಎಂಬ ಬಳಕೆಯ ಮಾತುಗಳನ್ನು ಹಾಗೆಯೇ ಬಿಡಿ, ಆಗ ಪಾಲಿಸಿಯನ್ನು ಪಕ್ಕದಲ್ಲಿಟ್ಟು ಓದಲು ಸುಲಭ.

ದಿನಾಂಕಕ್ಕೆ ಮೊದಲನೆಯ ಅರ್ಥವೇ ಎಂದು ಬ್ರೋಕರ್‌ನಿಂದ ಉತ್ತರ ಬಂದಿದ್ದರೆ, ಮೊದಲ ಪ್ಯಾರಾ ಹೀಗಿರಬಹುದು:

“ಒಟ್ಟು ಲಿಮಿಟ್ 10 ಕೋಟಿಯಿಂದ 15 ಕೋಟಿಗೆ ಏರುತ್ತದೆ. ಆದರೆ ಅಕ್ಟೋಬರ್ 1ಕ್ಕೆ ಮೊದಲು ನಮಗೆ ಗೊತ್ತಿದ್ದ ವಿವಾದಗಳಿಗೆ ಹೆಚ್ಚಿದ 5 ಕೋಟಿ ಸಿಗುವುದಿಲ್ಲ. ಸರ್ಕಾರಿ ವಿಚಾರಣೆಯ ವೆಚ್ಚಕ್ಕೆ ಸಿಗುವ ಹಣ ಎರಡೂವರೆ ಕೋಟಿಯಿಂದ ಒಂದು ಕೋಟಿಗೆ ಇಳಿಯುತ್ತದೆ, ಈ ಇಳಿಕೆ ಹಿಂದಿನ ವರ್ಷಗಳ ಕೆಲಸಕ್ಕೂ ಅನ್ವಯಿಸುತ್ತದೆ. ಮಂಡಳಿ ತೀರ್ಮಾನಿಸಬೇಕಾದದ್ದು: ಇದನ್ನು ಹೀಗೇ ಒಪ್ಪುವುದೋ, ವಿಚಾರಣೆಯ ಮೊತ್ತವನ್ನು ಹಳೆಯ ಮಟ್ಟಕ್ಕೆ ತರಲು ಹೆಚ್ಚುವರಿ ಪ್ರೀಮಿಯಂ ಕೊಡುವುದೋ.”

ಇಳಿಕೆ ಏರಿಕೆಯ ಪಕ್ಕದಲ್ಲೇ, ಮೊದಲ ಪುಟದಲ್ಲೇ ಬಂದಿದೆ ಎಂಬುದನ್ನು ಗಮನಿಸಿ. ಪ್ರೀಮಿಯಂ ಮತ್ತು ಅದರ ಮೇಲಿನ 18% ಜಿ.ಎಸ್.ಟಿ. ಬೇರೆ ಬೇರೆ ಸಾಲಿನಲ್ಲಿರಲಿ.

## ಹಂತ 7: ಸಭೆಯಲ್ಲಿ ಬರುವ ಪ್ರಶ್ನೆಗಳಿಗೆ ಸಿದ್ಧರಾಗಿ

ಸಭೆಯಲ್ಲಿ ಹಂತ 4ರ ಲೆಕ್ಕದಿಂದ ಆರಂಭಿಸಿ, ಪಟ್ಟಿಗೆ ಆಮೇಲೆ ಬನ್ನಿ. ನಿವೃತ್ತ ಅಧ್ಯಾಪಕರಾದ ಹಿರಿಯ ನಿರ್ದೇಶಕರು “ಹತ್ತು ಇದ್ದದ್ದು ಹದಿನೈದಾಯಿತಲ್ಲ, ಮತ್ತೆ ಚರ್ಚೆ ಯಾಕೆ?” ಎಂದು ಕೇಳಿದರೆ, “ಮಾಸ್ಟ್ರೇ, ಜಾಗದ ವಿಷಯದಲ್ಲಿ ನಾಳೆ ನೋಟೀಸು ಬಂದರೆ ನಿಮ್ಮ ವಕೀಲರಿಗೆ ಈ ಐದು ಕೋಟಿಯಿಂದ ಒಂದು ರೂಪಾಯಿಯೂ ಬಾರದೆ ಇರಬಹುದು” ಎಂದು ಲೆಕ್ಕದ ಮೂರನೆಯ ಸಾಲನ್ನು ತೋರಿಸಿ. ದೀರ್ಘ ಉತ್ತರ ಅಲ್ಲಿ ಬೇಕಾಗುವುದಿಲ್ಲ.

ಖಂಡಿತ ಬರುವ ಇನ್ನೊಂದು ಪ್ರಶ್ನೆ, ಈ ಪ್ರೀಮಿಯಂ ಎಂ.ಡಿ.ಯ ಸಂಬಳಕ್ಕೆ ಸೇರುತ್ತದೆಯೇ ಎಂಬುದು. ಕಂಪನಿ ಕಾಯ್ದೆ 2013ರ 197(13)ನೇ ಸೆಕ್ಷನ್ ಪ್ರಕಾರ ಎಂ.ಡಿ., ಪೂರ್ಣಕಾಲಿಕ ನಿರ್ದೇಶಕರು, ಮುಖ್ಯ ಹಣಕಾಸು ಅಧಿಕಾರಿ, ಕಂಪನಿ ಕಾರ್ಯದರ್ಶಿ ಮೊದಲಾದವರಿಗಾಗಿ ಕಟ್ಟಿದ ಪ್ರೀಮಿಯಂ ಅವರ ಸಂಭಾವನೆಯ ಭಾಗವಲ್ಲ. ಅವರು ತಪ್ಪಿತಸ್ಥರೆಂದು ಸಾಬೀತಾದರೆ ಮಾತ್ರ ಸಂಭಾವನೆಗೆ ಸೇರುತ್ತದೆ. ಈ ವಿಮೆ ಕಡ್ಡಾಯವೇ ಎಂದು ಕೇಳಿದರೆ, ಸೆಬಿಯ ನಿಯಮ ಷೇರುಪೇಟೆಯಲ್ಲಿರುವ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ, ಸ್ವತಂತ್ರ ನಿರ್ದೇಶಕರ ಸಲುವಾಗಿ, ಜನವರಿ 1, 2022ರಿಂದ ಇದೆ. ನಮ್ಮಂಥ ಕಂಪನಿಗೆ ಆ ನಿಯಮ ಇಲ್ಲ.

“15 ಕೋಟಿ ಸಾಕೇ?” ಎಂಬ ಪ್ರಶ್ನೆಗೆ ‘ಸಾಕು’ ಎಂಬ ಭರವಸೆಯನ್ನು ಕೊಡಬೇಡಿ. ಮೊತ್ತವನ್ನು ತೀರ್ಮಾನಿಸುವುದು ಮಂಡಳಿ. ಯಾವ ಗಾತ್ರದ ಕ್ಲೇಮಿಗೆ ಎಲ್ಲಿ ಹಣ ನಿಲ್ಲುತ್ತದೆ ಎಂದು ತೋರಿಸುವುದಷ್ಟೇ ಟಿಪ್ಪಣಿ ಬರೆದವರ ಕೆಲಸ.

## ಹಂತ 8: ಠರಾವು, ಹಣ, ಮತ್ತು ಬಂದ ಪಾಲಿಸಿಯ ಪರಿಶೀಲನೆ

ಠರಾವಿನಲ್ಲಿ ಒಟ್ಟು ಲಿಮಿಟ್ ಒಂದನ್ನೇ ಬರೆಯದೆ, ಸಬ್‌ಲಿಮಿಟ್, ಕಡಿತದ ಮೊತ್ತ ಮತ್ತು ಹೆಚ್ಚಿದ ಭಾಗದ ದಿನಾಂಕ ಮೂರನ್ನೂ ಬರೆಯಿರಿ. ವಿರೋಧ ಅಥವಾ ಪ್ರಶ್ನೆ ಇದ್ದರೆ ಅದೂ ನಡಾವಳಿಯಲ್ಲಿ ಬರಲಿ.

ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ತಲುಪುವ ಮೊದಲು ವಿಮಾ ಸಂಸ್ಥೆ ಹೊಣೆ ಹೊರುವಂತಿಲ್ಲ. ಠರಾವು ಆಗಿದೆ, ಇಮೇಲಿನಲ್ಲಿ ಒಪ್ಪಿಗೆ ಹೋಗಿದೆ ಎಂದು ನಿಶ್ಚಿಂತರಾಗಬೇಡಿ. ಬ್ಯಾಂಕಿನ ರಜೆ ನೋಡಿಕೊಂಡು, ಸೆಪ್ಟೆಂಬರ್ 30ಕ್ಕೆ ಕೆಲವು ದಿನ ಮೊದಲೇ ಹಣ ಕಳಿಸಿ, ರಸೀದಿ ತರಿಸಿಕೊಳ್ಳಿ.

ಪಾಲಿಸಿ ಕೈಗೆ ಬಂದ ದಿನ ಅದನ್ನು ಟಿಪ್ಪಣಿಯ ಪಟ್ಟಿಯ ಜೊತೆ ಸಾಲುಸಾಲಾಗಿ ಹೋಲಿಸಿ. ಹೆಚ್ಚು ತಪ್ಪುವುದು ದಿನಾಂಕದ ಸಾಲಿನಲ್ಲಿ: ಹೆಚ್ಚಿದ 5 ಕೋಟಿಗೆ ಮಾತ್ರ ಎಂದು ಒಪ್ಪಿದ ಅಕ್ಟೋಬರ್ 1, ಶೆಡ್ಯೂಲ್‌ನಲ್ಲಿ ಪೂರ್ತಿ 15 ಕೋಟಿಗೂ ಎಂಬಂತೆ ನಮೂದಾಗಿರುತ್ತದೆ. ಹಾಗಾಗಿದ್ದರೆ ಅದೇ ದಿನ ಬ್ರೋಕರ್ ಮೂಲಕ ವಿಮಾ ಸಂಸ್ಥೆಗೆ ಬರೆದು, ತಿದ್ದುಪಡಿಯ ಎಂಡಾರ್ಸ್‌ಮೆಂಟ್ ತರಿಸಿ, ಮುಂದಿನ ಸಭೆಯಲ್ಲಿ ಅದನ್ನು ಮಂಡಿಸಿ. ಸರಿಯಾದ ಪಾಲಿಸಿಯ ಪ್ರತಿಯ ಜೊತೆ, ನೋಟೀಸು ಬಂದರೆ ಯಾರಿಗೆ ಯಾವ ವಿಳಾಸಕ್ಕೆ ತಿಳಿಸಬೇಕು ಎಂಬ ಒಂದು ಹಾಳೆಯನ್ನು ಏಳೂ ನಿರ್ದೇಶಕರಿಗೆ ಕೊಟ್ಟು ಸಹಿ ಪಡೆಯಿರಿ.